ಕಡ್ಡಾಯದ ಲೋಡು, ಮಿತಿಯ ದಾರಿ: ಸಾಗಣೆ ಲೆಕ್ಕ ಬಿಡಿಸುವ ಮೊದಲಿನ ಕೆಲಸ

ಗಣಿತದಲ್ಲಿ ಸಾಗಣೆ ಸಮಸ್ಯೆ ಎನ್ನುವ ಲೆಕ್ಕದಲ್ಲಿ ಮೂರು ಸಂಗತಿಗಳು ಮೊದಲೇ ಗೊತ್ತಿರುತ್ತವೆ. ಒಂದೊಂದು ಗೋದಾಮಿನಲ್ಲಿ ಸರಕು ಎಷ್ಟಿದೆ, ಒಂದೊಂದು ಊರಿಗೆ ಎಷ್ಟು ಬೇಕು, ಪ್ರತಿ ಗೋದಾಮಿನಿಂದ ಪ್ರತಿ ಊರಿಗೆ ಒಂದು ಟನ್ ಸಾಗಿಸಲು ಬಾಡಿಗೆ ಎಷ್ಟು. ಯಾವ ಗೋದಾಮಿನಿಂದ ಯಾವ ಊರಿಗೆ ಎಷ್ಟು ಕಳಿಸಿದರೆ ಒಟ್ಟು ಬಾಡಿಗೆ ಅತಿ ಕಡಿಮೆಯಾಗುತ್ತದೆ ಎಂಬುದನ್ನು ಕಂಡುಹಿಡಿಯಬೇಕು. 1930ರಲ್ಲಿ ಸೋವಿಯತ್ ರಷ್ಯಾದ ಎ. ಎನ್. ಟಾಲ್‌ಸ್ಟಾಯ್ ಎಂಬ ವಿದ್ವಾಂಸರು ಅಲ್ಲಿನ ರೈಲುಮಾರ್ಗಗಳ ಮೇಲೆ ಉಪ್ಪು, ಸಿಮೆಂಟಿನಂಥ ಸರಕುಗಳ ಸಾಗಣೆಗೆ ಇಂಥ ಲೆಕ್ಕವನ್ನು ಮಾಡಿದ್ದರು. 1941ರಲ್ಲಿ ಅಮೆರಿಕದ ಫ್ರಾಂಕ್ ಹಿಚ್‌ಕಾಕ್ ಅದಕ್ಕೆ ಇಂದು ಪಠ್ಯಪುಸ್ತಕಗಳಲ್ಲಿ ಕಾಣುವ ರೂಪ ಕೊಟ್ಟರು. ಹತ್ತು ವರ್ಷಗಳ ನಂತರ ಜಾರ್ಜ್ ಡಾಂಟ್ಸಿಗ್ ಅದನ್ನು ಕೋಷ್ಟಕದ ಮೇಲೆಯೇ ಹೆಜ್ಜೆ ಹೆಜ್ಜೆಯಾಗಿ ಬಿಡಿಸುವ ಕ್ರಮವನ್ನು ವಿವರಿಸಿದರು.

ಪುಸ್ತಕದ ಲೆಕ್ಕದಲ್ಲಿ ಎಲ್ಲ ದಾರಿಗಳೂ ಮುಕ್ತವಾಗಿರುತ್ತವೆ. ಯಾವ ದಾರಿಯಲ್ಲಾದರೂ ಸೊನ್ನೆಯಿಂದ ಹಿಡಿದು ಗೋದಾಮಿನಲ್ಲಿರುವಷ್ಟನ್ನೂ ಕಳಿಸಬಹುದು. ವ್ಯಾಪಾರದಲ್ಲಿ ಹಾಗಿರುವುದಿಲ್ಲ. ಒಂದು ದಾರಿಯಲ್ಲಿ ಇಷ್ಟಾದರೂ ಕಳಿಸಲೇಬೇಕು ಎಂಬ ಒಪ್ಪಂದ ಇರುತ್ತದೆ. ಇನ್ನೊಂದರಲ್ಲಿ ಇಷ್ಟಕ್ಕಿಂತ ಹೆಚ್ಚು ಹೋಗುವಂತಿಲ್ಲ ಎಂಬ ಅಡ್ಡಿ ಇರುತ್ತದೆ. ಈ ಎರಡು ಷರತ್ತುಗಳಿಗಾಗಿ ಬಿಡಿಸುವ ಕ್ರಮವನ್ನು ಬದಲಿಸಬೇಕಾಗಿಲ್ಲ. ಬಿಡಿಸಲು ಕೂರುವ ಮುಂಚೆ ಕೋಷ್ಟಕವನ್ನು ಸರಿಯಾಗಿ ತಿದ್ದಿದರೆ, ಷರತ್ತುಗಳು ಅದರೊಳಗೇ ಸೇರಿಹೋಗುತ್ತವೆ. ಆ ತಿದ್ದುಪಡಿ ಹೇಗೆ ಎಂಬುದಕ್ಕೆ ಒಂದು ಕಲ್ಪಿತ ಲೆಕ್ಕವನ್ನು ಕೊನೆಯವರೆಗೆ ಬಿಡಿಸಿ ನೋಡಬಹುದು.

ಒಬ್ಬ ಅಕ್ಕಿ ವ್ಯಾಪಾರಿಗೆ ಗಂಗಾವತಿ, ಸಿಂಧನೂರು, ದಾವಣಗೆರೆಗಳಲ್ಲಿ ಗೋದಾಮುಗಳಿವೆ ಎಂದುಕೊಳ್ಳೋಣ. ಮಾಲು ಹೋಗಬೇಕಾದದ್ದು ಬೆಂಗಳೂರು, ಹುಬ್ಬಳ್ಳಿ ಮತ್ತು ಮಂಗಳೂರಿಗೆ. ಊರುಗಳು ನಿಜ, ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಒಂದು ಟನ್ನಿಗೆ ಲಾರಿ ಬಾಡಿಗೆ ರೂಪಾಯಿಗಳಲ್ಲಿ ಹೀಗಿದೆ:

| ಎಲ್ಲಿಂದ | ಬೆಂಗಳೂರು | ಹುಬ್ಬಳ್ಳಿ | ಮಂಗಳೂರು | ದಾಸ್ತಾನು (ಟನ್) |
|---|---|---|---|---|
| ಗಂಗಾವತಿ | 1000 | 500 | 1300 | 100 |
| ಸಿಂಧನೂರು | 1200 | 600 | 1600 | 80 |
| ದಾವಣಗೆರೆ | 800 | 500 | 900 | 70 |
| ಬೇಡಿಕೆ (ಟನ್) | 120 | 70 | 60 | 250 |

ಷರತ್ತುಗಳೇ ಇಲ್ಲದಿದ್ದರೆ ಉತ್ತರ ಬೇಗ ಸಿಗುತ್ತದೆ. ದಾವಣಗೆರೆ ಮಂಗಳೂರಿಗೆ 60 ಟನ್ನನ್ನೂ ಕೊಟ್ಟು, ಉಳಿದ 10 ಟನ್ನನ್ನು ಬೆಂಗಳೂರಿಗೆ ಕಳಿಸುತ್ತದೆ. ಸಿಂಧನೂರು ಹುಬ್ಬಳ್ಳಿಯ 70 ಟನ್ ಪೂರೈಸಿ, ಉಳಿದ 10 ಟನ್ ಬೆಂಗಳೂರಿಗೆ ಕೊಡುತ್ತದೆ. ಗಂಗಾವತಿಯ 100 ಟನ್ ಪೂರ್ತಿ ಬೆಂಗಳೂರಿಗೆ ಹೋಗುತ್ತದೆ. ಒಟ್ಟು ಬಾಡಿಗೆ 2,16,000 ರೂಪಾಯಿ. ಗಂಗಾವತಿಯಿಂದ ಹುಬ್ಬಳ್ಳಿಗೆ ಬಾಡಿಗೆ 500 ರೂಪಾಯಿ, ಸಿಂಧನೂರಿನಿಂದ 600. ಆದರೂ ಹುಬ್ಬಳ್ಳಿಗೆ ಮಾಲು ಬರುವುದು ಸಿಂಧನೂರಿನಿಂದಲೇ. ಸಿಂಧನೂರಿನ ಮಾಲು ಬೆಂಗಳೂರಿಗೆ ಹೋದರೆ ಗಂಗಾವತಿಗಿಂತ 200 ರೂಪಾಯಿ ಹೆಚ್ಚು ತಗಲುತ್ತದೆ. ಹುಬ್ಬಳ್ಳಿಗೆ ಹೋದರೆ ನೂರೇ ಹೆಚ್ಚು. ಈ ಲೆಕ್ಕದಲ್ಲಿ ಒಂದು ದಾರಿಯ ಬಾಡಿಗೆಯನ್ನಷ್ಟೇ ನೋಡಿದರೆ ಸಾಲದು, ಆ ಮಾಲು ಇನ್ನೆಲ್ಲಿಗೆ ಹೋಗಬಹುದಿತ್ತು ಎಂಬುದನ್ನೂ ನೋಡಬೇಕು. ಷರತ್ತುಗಳ ಬೆಲೆ ತಿಳಿಯುವಾಗ ಈ ಮಾತು ಮತ್ತೆ ಬೇಕಾಗುತ್ತದೆ.

ಈಗ ಎರಡು ಷರತ್ತು. ಹುಬ್ಬಳ್ಳಿಯ ಒಬ್ಬ ಸಗಟು ಖರೀದಿದಾರ ಮುಂಗಡ ಕೊಟ್ಟು, ತನಗೆ ಗಂಗಾವತಿಯ ಗೋದಾಮಿನಿಂದಲೇ ಕನಿಷ್ಠ 20 ಟನ್ ಬರಬೇಕೆಂದು ಒಪ್ಪಂದ ಮಾಡಿಕೊಂಡಿದ್ದಾನೆ. ಇನ್ನು ದಾವಣಗೆರೆಯಿಂದ ಮಂಗಳೂರಿಗೆ ಘಟ್ಟ ಇಳಿಯಬೇಕು. ಮಳೆಗಾಲದಲ್ಲಿ ಘಟ್ಟದ ರಸ್ತೆಗಳಲ್ಲಿ ಭಾರೀ ಲಾರಿಗಳಿಗೆ ನಿರ್ಬಂಧ ಬೀಳುವುದುಂಟು. ಸಿಗುವ ಚಿಕ್ಕ ಲಾರಿಗಳಲ್ಲಿ ಆ ದಾರಿಯಲ್ಲಿ ಒಟ್ಟು 40 ಟನ್‌ಗಿಂತ ಹೆಚ್ಚು ಕಳಿಸಲಾಗದು ಎಂದಿಟ್ಟುಕೊಳ್ಳೋಣ. ಮೊದಲಿನ ಉತ್ತರ ಎರಡೂ ಷರತ್ತುಗಳನ್ನು ಮುರಿಯುತ್ತದೆ.

ಕನಿಷ್ಠದ ಷರತ್ತನ್ನು ಮೊದಲು ತೀರಿಸಬೇಕು, ಅದು ಸುಲಭವೂ ಹೌದು. 20 ಟನ್ ಹೇಗಿದ್ದರೂ ಹೋಗಲೇಬೇಕಾದ್ದರಿಂದ, ಲೆಕ್ಕ ಶುರುವಾಗುವ ಮುಂಚೆಯೇ ಅದು ಹೊರಟುಹೋಯಿತು ಎಂದು ಭಾವಿಸುವುದು. ಗಂಗಾವತಿಯ ದಾಸ್ತಾನು 100ರಿಂದ 80ಕ್ಕೆ ಇಳಿಯುತ್ತದೆ, ಹುಬ್ಬಳ್ಳಿಯ ಬೇಡಿಕೆ 70ರಿಂದ 50ಕ್ಕೆ. ಅದರ ಬಾಡಿಗೆ, 20 ಟನ್ನಿಗೆ 500ರಂತೆ 10,000 ರೂಪಾಯಿ, ಬದಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಉಳಿದ ಕೋಷ್ಟಕದಲ್ಲಿ ಗಂಗಾವತಿ–ಹುಬ್ಬಳ್ಳಿ ಮನೆಗೆ ಇನ್ನು ಯಾವ ಕಟ್ಟುಪಾಡೂ ಇಲ್ಲ. ಅಲ್ಲಿ ಸೊನ್ನೆ ಬಂದರೂ ಸರಿ, ಐವತ್ತು ಬಂದರೂ ಸರಿ. ಅಲ್ಲಿ ಬರುವ ಅಂಕಿ ಒಟ್ಟು ಸಾಗಣೆಯಲ್ಲ, ಕಡ್ಡಾಯಕ್ಕಿಂತ ಹೆಚ್ಚಾಗಿ ಹೋದದ್ದು ಎಂಬುದನ್ನು ಮಾತ್ರ ಮರೆಯಬಾರದು.

ಒಂದೇ ದಾರಿಗೆ ಕನಿಷ್ಠವೂ ಗರಿಷ್ಠವೂ ಇದ್ದಾಗ ತಪ್ಪುಗಳು ಹೆಚ್ಚು. ಗಂಗಾವತಿ–ಹುಬ್ಬಳ್ಳಿಗೆ ಕನಿಷ್ಠ 20, ಗರಿಷ್ಠ 50 ಎಂದಿದ್ದರೆ, 20 ಟನ್ನನ್ನು ಮುಂಚೆಯೇ ಕಳಿಸಿದ ಮೇಲೆ ಉಳಿಯುವ ಮಿತಿ 30. ಅಲ್ಲಿ 50 ಎಂದೇ ಬಿಟ್ಟರೆ ಕೊನೆಗೆ ಆ ದಾರಿಯಲ್ಲಿ 70 ಟನ್ ಹೋಗಿಬಿಡಬಹುದು, ಕೋಷ್ಟಕದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದಲೇ ಕನಿಷ್ಠ ಮೊದಲು, ಮಿತಿ ಆಮೇಲೆ.

ಮಿತಿಯನ್ನು ಕೋಷ್ಟಕಕ್ಕೆ ತರುವುದು ಸ್ವಲ್ಪ ಜಾಣತನದ ಕೆಲಸ. ದಾವಣಗೆರೆಯಿಂದ ಹೆಚ್ಚೆಂದರೆ 40 ಟನ್ ಎಂದರೆ, ಮಂಗಳೂರಿಗೆ ಬೇಕಾದ 60ರಲ್ಲಿ ಕನಿಷ್ಠ 20 ಟನ್ ಬೇರೆ ಗೋದಾಮುಗಳಿಂದ ಬರಲೇಬೇಕು ಎಂದರ್ಥ. ಹಾಗಾಗಿ ಮಂಗಳೂರನ್ನು ಎರಡು ಊರುಗಳಂತೆ ಬರೆಯುವುದು. ಮೊದಲನೆಯದರ ಬೇಡಿಕೆ 40, ಅಲ್ಲಿಗೆ ಯಾರು ಬೇಕಾದರೂ ಹಳೆಯ ಬಾಡಿಗೆಯಲ್ಲೇ ಕಳಿಸಬಹುದು. ಎರಡನೆಯದರ ಬೇಡಿಕೆ 20, ಅಲ್ಲಿಗೆ ದಾವಣಗೆರೆಯ ಬಾಗಿಲು ಮುಚ್ಚಿದೆ. ಬಾಗಿಲು ಮುಚ್ಚುವುದೆಂದರೆ ಆ ಮನೆಯಲ್ಲಿ ಯಾವ ಲೆಕ್ಕಕ್ಕೂ ಎಟುಕದ ಒಂದು ದಂಡದ ದರ ಬರೆಯುವುದು, ಇಲ್ಲಿ ಟನ್ನಿಗೆ 1,00,000 ರೂಪಾಯಿ. ದಾವಣಗೆರೆಯಿಂದ ಮಂಗಳೂರಿಗೆ ಉಳಿದದ್ದು ಒಂದೇ ಬಾಗಿಲು, ಅದರ ಅಳತೆ 40 ಟನ್. ಮಿತಿ ಮೀರಲು ಜಾಗವೇ ಇಲ್ಲ. ಬೇರೆ ಗೋದಾಮುಗಳಿಗೆ ಎರಡೂ ಬಾಗಿಲು ತೆರೆದಿರುವುದರಿಂದ, ದಾವಣಗೆರೆ 40ಕ್ಕಿಂತ ಕಡಿಮೆ ಕಳಿಸುವ ಆಯ್ಕೆಯೂ ಉಳಿದಿರುತ್ತದೆ.

| ಎಲ್ಲಿಂದ | ಬೆಂಗಳೂರು | ಹುಬ್ಬಳ್ಳಿ | ಮಂಗಳೂರು–1 | ಮಂಗಳೂರು–2 | ದಾಸ್ತಾನು |
|---|---|---|---|---|---|
| ಗಂಗಾವತಿ | 1000 | 500 | 1300 | 1300 | 80 |
| ಸಿಂಧನೂರು | 1200 | 600 | 1600 | 1600 | 80 |
| ದಾವಣಗೆರೆ | 800 | 500 | 900 | 1,00,000 | 70 |
| ಬೇಡಿಕೆ | 120 | 50 | 40 | 20 | 230 |

ದಂಡದ ದರ ಎಷ್ಟಿರಬೇಕು ಎಂಬುದು ಸಣ್ಣ ವಿಷಯವಲ್ಲ. 900ಕ್ಕಿಂತ ಹೆಚ್ಚಿದ್ದರೆ ಸಾಕೆಂದು ಯಾರಾದರೂ ಅಲ್ಲಿ 1000 ಬರೆದರೆ, ಲೆಕ್ಕ ಅದನ್ನು ದಂಡವೆಂದು ತಿಳಿಯದೆ ಇನ್ನೊಂದು ಬಾಡಿಗೆಯೆಂದೇ ತಿಳಿದು, ನಿಷೇಧಿತ ದಾರಿಯಲ್ಲೇ 20 ಟನ್ ಕಳಿಸಿಬಿಡುತ್ತದೆ. ಈ ಕೋಷ್ಟಕದಲ್ಲಿ 1100 ದಾಟಿದ ಮೇಲಷ್ಟೇ ಆ ದಾರಿ ನಿಜವಾಗಿ ಮುಚ್ಚುತ್ತದೆ. ಆ ಗಡಿ ಎಲ್ಲಿದೆ ಎಂದು ಮುಂಚೆ ಗೊತ್ತಿರುವುದಿಲ್ಲವಾದ್ದರಿಂದ ಧಾರಾಳವಾಗಿ ದೊಡ್ಡ ಅಂಕಿ ಇಡುವುದು ವಾಡಿಕೆ. ಕಂಪ್ಯೂಟರಿನಲ್ಲಿ ಅದನ್ನು ಕೋಟ್ಯಂತರಕ್ಕೆ ಏರಿಸಿದರೆ ಬೇರೆ ತೊಂದರೆ ಬರುತ್ತದೆ: ಅತಿ ದೊಡ್ಡ ಅಂಕಿಗಳ ಪಕ್ಕದಲ್ಲಿ ಚಿಕ್ಕ ಅಂಕಿಗಳ ನಿಖರತೆ ಕೆಡಬಹುದು. ಅತಿ ಹೆಚ್ಚಿನ ಬಾಡಿಗೆಯ ಹತ್ತಿಪ್ಪತ್ತು ಪಟ್ಟು ಇಂಥ ಚಿಕ್ಕ ಲೆಕ್ಕಗಳಿಗೆ ಸಾಕು.

ತಿದ್ದಿದ ಕೋಷ್ಟಕವನ್ನು ವೋಗೆಲ್ ಹೆಸರಿನ ಕ್ರಮದಿಂದ ತುಂಬಬಹುದು. ಪ್ರತಿ ಅಡ್ಡಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ ಅತಿ ಕಡಿಮೆ ಬಾಡಿಗೆಗೂ ಅದರ ನಂತರದ್ದಕ್ಕೂ ಇರುವ ಅಂತರ ನೋಡುವುದು. ಅಂತರ ಎಲ್ಲಿ ದೊಡ್ಡದೋ ಅಲ್ಲಿ ಅಗ್ಗದ ಮನೆ ಕೈತಪ್ಪಿದರೆ ನಷ್ಟ ಹೆಚ್ಚು, ಹಾಗಾಗಿ ಅದನ್ನೇ ಮೊದಲು ತುಂಬುವುದು. ಇಲ್ಲಿ ದೊಡ್ಡ ಅಂತರ ಸಿಂಧನೂರಿನದು, 1200 ಮತ್ತು 600ರ ನಡುವಿನ 600. ಆದ್ದರಿಂದ ಸಿಂಧನೂರಿನಿಂದ ಹುಬ್ಬಳ್ಳಿಗೆ 50 ಟನ್, ಹುಬ್ಬಳ್ಳಿ ಮುಗಿಯಿತು. ಮುಂದೆ 400ರ ಅಂತರ ಎರಡು ಕಡೆ ಬರುತ್ತದೆ. ಮಂಗಳೂರು–1 ಅನ್ನು ಆರಿಸಿದರೆ ದಾವಣಗೆರೆಯಿಂದ 40 ಟನ್ ಅಲ್ಲಿಗೆ ಹೋಗುತ್ತದೆ. ಈಗ ದಾವಣಗೆರೆಯ ಸಾಲಿನಲ್ಲಿ ಉಳಿದವು ಬೆಂಗಳೂರಿನ 800 ಮತ್ತು ದಂಡದ ಒಂದು ಲಕ್ಷ. ಅಂತರ ಅಷ್ಟು ದೊಡ್ಡದಾದ್ದರಿಂದ ಉಳಿದ 30 ಟನ್ ತಾನಾಗಿ ಬೆಂಗಳೂರಿಗೆ ಹೋಗುತ್ತದೆ. ದಂಡದ ದರ ನಿಷೇಧಿತ ಮನೆಯಿಂದ ಮಾಲನ್ನು ದೂರ ತಳ್ಳುವುದು ಹೀಗೆ. ಆಮೇಲೆ ಸಿಂಧನೂರಿನ 30 ಟನ್ ಬೆಂಗಳೂರಿಗೆ. ಗಂಗಾವತಿಯ 80ರಲ್ಲಿ 60 ಬೆಂಗಳೂರಿಗೆ, 20 ಮಂಗಳೂರು–2ಕ್ಕೆ.

ಈ ಕ್ರಮ ಕೊಡುವುದು ಒಳ್ಳೆಯ ಆರಂಭ ಮಾತ್ರ, ಅದೇ ಅತ್ಯುತ್ತಮ ಎಂಬ ಖಾತ್ರಿ ಇಲ್ಲ. ಪರೀಕ್ಷಿಸಲು ಪ್ರತಿ ಗೋದಾಮಿಗೂ ಪ್ರತಿ ಊರಿಗೂ ಒಂದೊಂದು ತೂಕದ ಅಂಕಿ ಕೊಡುತ್ತಾರೆ. ಮಾಲು ಹೋಗುತ್ತಿರುವ ಪ್ರತಿ ಮನೆಯಲ್ಲೂ ಎರಡರ ಮೊತ್ತ ಅಲ್ಲಿನ ಬಾಡಿಗೆಗೆ ಸಮನಾಗಿರಬೇಕು. ಗಂಗಾವತಿಗೆ ಸೊನ್ನೆ ಇಟ್ಟು ಹೊರಟರೆ ಬೆಂಗಳೂರಿಗೆ 1000, ಮಂಗಳೂರು–2ಕ್ಕೆ 1300, ಸಿಂಧನೂರಿಗೆ 200, ಹುಬ್ಬಳ್ಳಿಗೆ 400, ದಾವಣಗೆರೆಗೆ ಮೈನಸ್ 200, ಮಂಗಳೂರು–1ಕ್ಕೆ 1100 ಬರುತ್ತವೆ. ಖಾಲಿ ಮನೆಗಳಲ್ಲಿ ಬಾಡಿಗೆಯಿಂದ ಈ ಮೊತ್ತ ಕಳೆದಾಗ ಒಂದು ಕಡೆಯಾದರೂ ಸೊನ್ನೆಗಿಂತ ಕಡಿಮೆ ಬಂದರೆ, ಆ ಮನೆಗೆ ಮಾಲು ಸರಿಸಿ ಖರ್ಚು ಇಳಿಸಬಹುದು. ಇಲ್ಲಿ ಗಂಗಾವತಿ–ಹುಬ್ಬಳ್ಳಿಯಲ್ಲಿ 100 ಉಳಿಯುತ್ತದೆ, ಗಂಗಾವತಿ–ಮಂಗಳೂರು–1ರಲ್ಲಿ 200. ಉಳಿದ ಖಾಲಿ ಮನೆಗಳಲ್ಲೂ ಸೊನ್ನೆಗಿಂತ ಹೆಚ್ಚೇ. ಇನ್ನು ಸುಧಾರಣೆ ಸಾಧ್ಯವಿಲ್ಲ.

ಉಳಿದದ್ದು ಸೀಳಿದ್ದನ್ನು ಕೂಡಿಸಿ, ಮುಂಚೆ ಕಳಿಸಿದ್ದನ್ನು ಸೇರಿಸುವ ಕೆಲಸ. ಗಂಗಾವತಿಯಿಂದ ಬೆಂಗಳೂರಿಗೆ 60, ಹುಬ್ಬಳ್ಳಿಗೆ ಕಡ್ಡಾಯದ 20, ಮಂಗಳೂರಿಗೆ 20. ಸಿಂಧನೂರಿನಿಂದ ಬೆಂಗಳೂರಿಗೆ 30, ಹುಬ್ಬಳ್ಳಿಗೆ 50. ದಾವಣಗೆರೆಯಿಂದ ಬೆಂಗಳೂರಿಗೆ 30, ಮಂಗಳೂರಿಗೆ 40. ಕೋಷ್ಟಕದ ಬಾಡಿಗೆ 2,12,000. ಬದಿಗಿಟ್ಟ 10,000 ಸೇರಿ 2,22,000 ರೂಪಾಯಿ. ಈ ಕೊನೆಯ ಕೂಡಿಕೆಯನ್ನು ಮರೆತು, ಷರತ್ತುಗಳಿದ್ದೂ ಖರ್ಚು 2,16,000ದಿಂದ 2,12,000ಕ್ಕೆ ಇಳಿಯಿತೆಂದು ಬರೆಯುವವರಿದ್ದಾರೆ. ಷರತ್ತು ಹಾಕಿದರೆ ಖರ್ಚು ಏರಬಹುದು ಅಥವಾ ಅಷ್ಟೇ ಇರಬಹುದು, ಎಂದಿಗೂ ಇಳಿಯದು. ಇಳಿದಂತೆ ಕಂಡರೆ ಏನೋ ಬಿಟ್ಟುಹೋಗಿದೆ ಎಂದೇ ತಿಳಿಯಬೇಕು.

ಷರತ್ತುಗಳಿಂದ ಹೆಚ್ಚಾದದ್ದು 6,000 ರೂಪಾಯಿ. ಅದರಲ್ಲಿ ಯಾವ ಷರತ್ತಿನ ಪಾಲು ಎಷ್ಟೆಂದೂ ಪರೀಕ್ಷೆಯ ಅಂಕಿಗಳೇ ಹೇಳುತ್ತವೆ. ಗಂಗಾವತಿ–ಹುಬ್ಬಳ್ಳಿ ಮನೆಯಲ್ಲಿ ಉಳಿದ 100 ರೂಪಾಯಿ, ಆ ದಾರಿಯಲ್ಲಿ ಬಲವಂತವಾಗಿ ಹೋಗುವ ಪ್ರತಿ ಟನ್ನಿನ ಹೆಚ್ಚುವರಿ ಹೊರೆ. 20 ಟನ್ನಿಗೆ 2,000. ಮಂಗಳೂರಿನ ಎರಡು ಭಾಗಗಳ ಅಂಕಿಗಳಾದ 1100 ಮತ್ತು 1300ರ ನಡುವಿನ 200 ರೂಪಾಯಿ ಘಟ್ಟದ ಮಿತಿಯ ಬೆಲೆ. ತಪ್ಪಿಹೋದ 20 ಟನ್ನಿಗೆ 4,000. ಎರಡನ್ನೂ ಕೂಡಿದರೆ ಸರಿಯಾಗಿ 6,000. ವ್ಯಾಪಾರಿಗೆ ಇದರ ಉಪಯೋಗ ನೇರವಾದದ್ದು. ಘಟ್ಟದ ದಾರಿಯಲ್ಲಿ ಇನ್ನೊಂದು ಚಿಕ್ಕ ಲಾರಿ ಸಿಕ್ಕರೆ, ಮಾಮೂಲು ಬಾಡಿಗೆಯ ಮೇಲೆ ಟನ್ನಿಗೆ 200 ರೂಪಾಯಿಯವರೆಗೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹುಬ್ಬಳ್ಳಿಯ ಖರೀದಿದಾರ ಗಂಗಾವತಿಯ ಅಕ್ಕಿಗೆ ಟನ್ನಿಗೆ 100 ರೂಪಾಯಿ ಹೆಚ್ಚು ಕೊಡದಿದ್ದರೆ ಆ ಒಪ್ಪಂದದ ಹೊರೆ ವ್ಯಾಪಾರಿಯ ಮೇಲೆಯೇ ಬೀಳುತ್ತದೆ. ಈ ಬೆಲೆಗಳು ಎಲ್ಲಿಯವರೆಗೂ ಹೀಗೇ ಇರುವುದಿಲ್ಲ; ಷರತ್ತು ಬಹಳ ಸಡಿಲವಾದರೆ ಅಥವಾ ಬಿಗಿಯಾದರೆ ಮಾಲು ಹೋಗುವ ದಾರಿಗಳೇ ಬದಲಾಗಿ ಹೊಸ ಅಂಕಿಗಳು ಬರುತ್ತವೆ.

ಷರತ್ತುಗಳು ಹೆಚ್ಚಾದಂತೆ, ಲೆಕ್ಕಕ್ಕೆ ಉತ್ತರವೇ ಇಲ್ಲದಂತಾಗುವ ಅಪಾಯವೂ ಬರುತ್ತದೆ. ಸಿಂಧನೂರಿನಿಂದ ಬೆಂಗಳೂರಿಗೆ 20 ಟನ್ ಮಾತ್ರ, ಮಂಗಳೂರಿಗೆ ಏನೂ ಇಲ್ಲ ಎಂಬ ಮಿತಿಗಳು ಬಂದವೆನ್ನೋಣ. ಮೂಲ ಕೋಷ್ಟಕ ನೋಡಿದರೆ ತೊಂದರೆ ಕಾಣದು: ಬೆಂಗಳೂರಿಗೆ 20, ಹುಬ್ಬಳ್ಳಿಗೆ 70, ಒಟ್ಟು 90 ಟನ್ನಿಗೆ ದಾರಿ ಇದೆ, ದಾಸ್ತಾನು 80 ಮಾತ್ರ. ಆದರೆ ಗಂಗಾವತಿಯ ಕಡ್ಡಾಯದ 20 ಟನ್ ಹುಬ್ಬಳ್ಳಿಗೆ ಮುಂಚೆಯೇ ಹೋಗಿರುವುದರಿಂದ ಅಲ್ಲಿ ಉಳಿದ ಜಾಗ 50. ಸಿಂಧನೂರಿಗೆ ತೆರೆದಿರುವುದು 70 ಟನ್ನಿನ ದಾರಿ. 10 ಟನ್ ಅಲ್ಲೇ ಸಿಕ್ಕಿಬೀಳುತ್ತದೆ. ಒಂದು ದಾರಿಯ ಕಡ್ಡಾಯ ಇನ್ನೊಂದು ಗೋದಾಮಿನ ಉಸಿರು ಕಟ್ಟಿಸುವುದು ಹೀಗೆ. ಈ ತಾಳೆಯನ್ನು ಕನಿಷ್ಠಗಳನ್ನು ಕಳೆದ ಮೇಲೆ ನೋಡಬೇಕು ಎನ್ನುವುದಕ್ಕೆ ಕಾರಣ ಇದೇ. ಒಂದೊಂದೇ ಸಾಲನ್ನು ನೋಡಿದರೂ ಪೂರ್ತಿ ಖಾತ್ರಿ ಸಿಗುವುದಿಲ್ಲ. ಯಾವ ಊರುಗಳ ಗುಂಪನ್ನು ತೆಗೆದುಕೊಂಡರೂ ಅದರ ಬೇಡಿಕೆಯಷ್ಟು ಮಾಲು ಅಲ್ಲಿಗೆ ತಲುಪಲು ದಾರಿ ಇರಬೇಕು ಎಂಬ ಪೂರ್ಣ ನಿಯಮವನ್ನು 1957ರಲ್ಲಿ ಡೇವಿಡ್ ಗೇಲ್ ಸಾಧಿಸಿ ತೋರಿಸಿದರು. ಕೈಲೆಕ್ಕದಲ್ಲಿ ಎಲ್ಲ ಗುಂಪುಗಳನ್ನು ನೋಡುವುದು ಕಷ್ಟ. ಉತ್ತರವಿಲ್ಲದ ಲೆಕ್ಕವನ್ನು ಕೊನೆಯವರೆಗೆ ಬಿಡಿಸಿದರೆ ದಂಡದ ಮನೆಯಲ್ಲಿ ಮಾಲು ಉಳಿದುಬಿಡುತ್ತದೆ, ಒಟ್ಟು ಖರ್ಚು ಲಕ್ಷಗಳಿಗೆ ಜಿಗಿಯುತ್ತದೆ. ಮೇಲಿನ 10 ಟನ್ನಿಗೆ ಅದು ಹತ್ತು ಲಕ್ಷ. ಅಂಥ ಮೊತ್ತ ಕಂಡರೆ ಒಂದೋ ಒಪ್ಪಂದವನ್ನು ಮತ್ತೆ ಮಾತಾಡಬೇಕು, ಇಲ್ಲವೇ ಹೊಸ ದಾರಿ ಹುಡುಕಬೇಕು.

ಊರನ್ನು ಸೀಳುವ ಉಪಾಯಕ್ಕೂ ಒಂದು ಎಲ್ಲೆ ಇದೆ. ದಾವಣಗೆರೆಯಿಂದ ಮಂಗಳೂರಿಗೆ 40ರ ಮಿತಿಯ ಜೊತೆಗೆ ಗಂಗಾವತಿಯಿಂದಲೂ 30ರ ಮಿತಿ ಬಂದರೆ ಎರಡೂ ಸೇರಿ 70 ಆಗುತ್ತದೆ, ಬೇಡಿಕೆ ಇರುವುದು 60. ಎರಡು ಮಿತಿಗಳಿಗೂ ಬೇರೆ ಬೇರೆ ತುಂಡು ಕೊಡಲು ಮಂಗಳೂರಿನಲ್ಲಿ ಜಾಗ ಸಾಲದು. ಆಗ ಗಂಗಾವತಿಯ ಗೋದಾಮನ್ನೇ ಸೀಳಬಹುದು: 30 ಟನ್ನಿನ ಒಂದು ಭಾಗ ಎಲ್ಲಿಗೆ ಬೇಕಾದರೂ ಕಳಿಸಬಲ್ಲದು, ಉಳಿದ ಭಾಗಕ್ಕೆ ಮಂಗಳೂರು ಮುಚ್ಚಿದೆ. ಮಿತಿಗಳು ಅಡ್ಡಕ್ಕೂ ಉದ್ದಕ್ಕೂ ಹರಡಿಕೊಂಡಾಗ ಇದೂ ಸಾಲದೆ ಬರುತ್ತದೆ. ಅದಕ್ಕೆ ಎಲ್ಲ ಸಂದರ್ಭಗಳಿಗೂ ಒಗ್ಗುವ ಇನ್ನೊಂದು ದಾರಿ ಇದೆ. ಮಿತಿ ಇರುವ ಪ್ರತಿ ದಾರಿಯ ನಡುವೆ ಒಬ್ಬ ಮಧ್ಯವರ್ತಿಯನ್ನು ಕಲ್ಪಿಸುವುದು. ಅವನ ಬಳಿ 40 ಟನ್ ದಾಸ್ತಾನಿದೆ, ಕೊನೆಯಲ್ಲೂ ಅವನ ಬಳಿ 40 ಟನ್ ಇರಲೇಬೇಕು. ಅವನು ಮಂಗಳೂರಿಗೆ 900ರ ಬಾಡಿಗೆಯಲ್ಲಿ ಎಷ್ಟು ಕೊಡುತ್ತಾನೋ ಅಷ್ಟನ್ನು ದಾವಣಗೆರೆ ಅವನಿಗೆ ಬಾಡಿಗೆಯಿಲ್ಲದೆ ತುಂಬಿಕೊಡುತ್ತದೆ. ಕೊಡದೆ ಉಳಿದದ್ದು ಖರ್ಚಿಲ್ಲದೆ ಅವನಲ್ಲೇ ಇರುತ್ತದೆ. ದಾವಣಗೆರೆ–ಮಂಗಳೂರು ನೇರ ಮನೆಯನ್ನೂ, ಮಧ್ಯವರ್ತಿಯ ಉಳಿದ ಮನೆಗಳನ್ನೂ ದಂಡ ಬರೆದು ಮುಚ್ಚುವುದು. ಅವನ ಕೈಯಲ್ಲಿ 40ಕ್ಕಿಂತ ಹೆಚ್ಚು ಇಲ್ಲವಾದ್ದರಿಂದ ಮಿತಿ ತಾನಾಗಿ ನಿಲ್ಲುತ್ತದೆ. ಪ್ರತಿ ಮಿತಿಗೂ ಒಂದು ಅಡ್ಡಸಾಲು, ಒಂದು ಕಂಬಸಾಲು ಬೆಳೆಯುತ್ತವೆ. ಕೈಲೆಕ್ಕಕ್ಕೆ ಇದು ಭಾರ, ಆದರೆ ತಪ್ಪುವುದಿಲ್ಲ.

ದೊಡ್ಡ ಲೆಕ್ಕಗಳಲ್ಲಿ ಕೋಷ್ಟಕವನ್ನು ಹೀಗೆ ಬೆಳೆಸುವುದಿಲ್ಲ. ಮಿತಿಯಿರುವ ಹಿಚ್‌ಕಾಕ್ ಸಮಸ್ಯೆಯನ್ನು ನೇರವಾಗಿ ಬಿಡಿಸುವ ಕ್ರಮವನ್ನು ಫೋರ್ಡ್ ಮತ್ತು ಫುಲ್ಕರ್ಸನ್ 1957ರಲ್ಲೇ ಪ್ರಕಟಿಸಿದ್ದರು. ಇಂದಿನ ತಂತ್ರಾಂಶಗಳಿಗೆ ಪ್ರತಿ ದಾರಿಯ ಕನಿಷ್ಠವನ್ನೂ ಗರಿಷ್ಠವನ್ನೂ ಹಾಗೆಯೇ ಕೊಡಬಹುದು. ಅವು ಮಿತಿ ಮುಟ್ಟಿದ ದಾರಿಯನ್ನು ಖಾಲಿ ಮನೆಯ ಹಾಗೆಯೇ ಪಕ್ಕಕ್ಕಿಟ್ಟು, ಪರೀಕ್ಷೆಯನ್ನು ಮಾತ್ರ ತಿರುಗಿಸುತ್ತವೆ: ಖಾಲಿ ಮನೆಯಲ್ಲಿ ಉಳಿಕೆ ಸೊನ್ನೆಗಿಂತ ಕಡಿಮೆ ಇರಬಾರದು, ಮಿತಿ ಮುಟ್ಟಿದ ಮನೆಯಲ್ಲಿ ಸೊನ್ನೆಗಿಂತ ಹೆಚ್ಚಿರಬಾರದು. ದಾವಣಗೆರೆ–ಮಂಗಳೂರು ಮನೆಯಲ್ಲಿ 900ರಿಂದ ದಾವಣಗೆರೆಯ ಮೈನಸ್ 200 ಮತ್ತು ಮಂಗಳೂರಿನ 1300ರ ಮೊತ್ತವಾದ 1100 ಕಳೆದರೆ ಬರುವುದು ಮೈನಸ್ 200. ಸೀಳಿದ ಕೋಷ್ಟಕದಲ್ಲಿ ಕಂಡ ಅದೇ ಬೆಲೆ.

ಈ ಯಾವ ತಿದ್ದುಪಡಿಗೂ ಬಗ್ಗದ ಒಂದು ಷರತ್ತು ಉಂಟು, ಅದು ಲಾರಿ ವ್ಯವಹಾರದಲ್ಲಿ ತೀರಾ ಸಾಮಾನ್ಯ. ‘ಕಳಿಸುವುದಾದರೆ ಕನಿಷ್ಠ 20 ಟನ್ ಕಳಿಸಿ, ಇಲ್ಲದಿದ್ದರೆ ಬೇಡವೇ ಬೇಡ’ ಎಂಬುದು ಅದು. ಅರ್ಧ ಲೋಡಿಗೆ ಲಾರಿ ಹೊರಡಿಸಲು ಒಪ್ಪದ ಏಜೆಂಟರು ಹೇಳುವುದು ಇದನ್ನೇ. ಇದು ಮೇಲಿನ ಕನಿಷ್ಠದಂತೆಯೇ ಕಂಡರೂ ಬೇರೆ ಜಾತಿಯದು. 20 ಟನ್ನನ್ನು ಮುಂಚೆಯೇ ಕಳಿಸಿಬಿಟ್ಟರೆ ಸೊನ್ನೆಯ ಆಯ್ಕೆ ಕಳೆದುಹೋಗುತ್ತದೆ. ಅಂಥ ಒಂದು ದಾರಿ ಇದ್ದರೆ ಲೆಕ್ಕವನ್ನು ಎರಡು ಸಲ, ದಾರಿ ಮುಚ್ಚಿ ಒಮ್ಮೆ, ಕನಿಷ್ಠ ಇಟ್ಟು ಇನ್ನೊಮ್ಮೆ, ಬಿಡಿಸಿ ಅಗ್ಗದ್ದನ್ನು ಆರಿಸಬಹುದು. ಹತ್ತು ದಾರಿಗಳಿದ್ದರೆ 1024 ಕೋಷ್ಟಕಗಳಾಗುತ್ತವೆ. ಅಲ್ಲಿಗೆ ಅದು ಸಾಗಣೆ ಕೋಷ್ಟಕದ ವ್ಯಾಪ್ತಿ ಮೀರಿ, ಹೌದು–ಇಲ್ಲ ಎಂಬ ನಿರ್ಧಾರಗಳನ್ನು ಪೂರ್ಣಾಂಕಗಳಾಗಿ ಹಿಡಿಯುವ ಬೇರೆ ಬಗೆಯ ಲೆಕ್ಕವಾಗುತ್ತದೆ.